ಎರೆಗೊಬ್ಬರಕ್ಕೆ ಎಷ್ಟು ಬೆಡ್ ಹಾಕಲಿ?

"ಊರಾಚೆ ಒಂದು 30x40 ಸೈಟ್ ಖಾಲಿ ಇದೆ. ಎರೆಗೊಬ್ಬರ ಮಾಡಿ ಅಪಾರ್ಟ್‌ಮೆಂಟ್‌ನವರಿಗೆ ಮಾರೋಣ ಅಂತಿದೀನಿ. ಎಷ್ಟು ಬೆಡ್ ಹಾಕಲಿ?"

ಒಂದೇ ಹಾಕಿ. 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರದ್ದು ಸಾಕು. ಅದಕ್ಕೆ ಸುಮಾರು ಒಂದು ಟನ್ ಸಗಣಿ ಮತ್ತು ಒಣ ಎಲೆ ಹಿಡಿಯುತ್ತದೆ. ಎರಡೂವರೆ ತಿಂಗಳಿಗೆ ಜರಡಿ ಹಿಡಿದ ಗೊಬ್ಬರ 400 ಕೆಜಿ ಆಸುಪಾಸು ಸಿಗುತ್ತದೆ. ಈಗ ಕೊಳ್ಳುವವರ ಕಡೆಯಿಂದ ನೋಡಿ. ಕುಂಡವೊಂದಕ್ಕೆ ತಿಂಗಳಿಗೆ ಎರಡು ಹಿಡಿ, ಅಂದರೆ 200 ಗ್ರಾಂ ಹಾಕಿದರೆ ಸಾಕು. ಹತ್ತು ಕುಂಡ ಇರುವ ಮನೆಗೆ ತಿಂಗಳಿಗೆ 2 ಕೆಜಿ. ಅಂದರೆ ನಿಮ್ಮ ಒಂದು ಬೆಡ್ ಖಾಲಿಯಾಗಲು ಅಂಥ 80 ಮನೆಗಳು ಬಿಡದೆ ಕೊಳ್ಳಬೇಕು. ಅಷ್ಟು ಮನೆ ಹಿಡಿಯುವುದು ಸುಮ್ನೆ ಮಾತಲ್ಲ.

ಸಗಣಿಯನ್ನು ಹಸಿಯಾಗಿ ತುಂಬಬೇಡಿ. ಅದು ಬಿಸಿಯಾಗುತ್ತದೆ, ಹುಳುಗಳು ಸಾಯುತ್ತವೆ ಇಲ್ಲವೇ ಓಡುತ್ತವೆ. 15-20 ದಿನ ನೆರಳಲ್ಲಿ ರಾಶಿ ಹಾಕಿ, ಆಗಾಗ ನೀರು ಚಿಮುಕಿಸಿ ತಿರುವಿ. ಒಳಗೆ ಕೈ ಇಟ್ಟರೆ ತಣ್ಣಗಿರಬೇಕು. ಆಮೇಲೆ ಹುಳು ಬಿಡಿ.

ಆದರೆ ಅಪಾರ್ಟ್‌ಮೆಂಟ್‌ನಲ್ಲಿ ನಿಮ್ಮನ್ನು ಉಳಿಸುವುದು, ಕೆಡಿಸುವುದು ಎರಡೂ ಗೊಬ್ಬರದ ತೇವ. ನನ್ನ ಮೊದಲ ಸಲದ ಗೊಬ್ಬರ ನೋಡಲು ಚೆನ್ನಾಗಿಯೇ ಇತ್ತು. ಆತುರದಲ್ಲಿ ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದೆ. ವಾರ ಕಳೆದು ತೆರೆದವರಿಗೆ ಕೊಳೆತ ವಾಸನೆ, ಜೊತೆಗೆ ಸಣ್ಣ ಕಪ್ಪು ನೊಣ. ಹೊಲದಲ್ಲಾದರೆ ಯಾರೂ ಗಮನಿಸುವುದಿಲ್ಲ. ಆದರೆ ಐದನೇ ಮಹಡಿಯ ಮನೆಯ ಹಾಲ್‌ನಲ್ಲಿ ನೊಣ ಹಾರಾಡಿದರೆ ಇಡೀ ಬ್ಲಾಕ್‌ಗೆ ಸುದ್ದಿ ಹೋಗುತ್ತದೆ. ಆ ಬ್ಲಾಕ್‌ನಲ್ಲಿ ಮತ್ತೆ ಒಂದು ಚೀಲ ಮಾರಲು ನನಗೆ ವರ್ಷ ಹಿಡಿಯಿತು.

ಈಗ ತೆಗೆಯುವ ಐದು ದಿನ ಮೊದಲೇ ನೀರು ನಿಲ್ಲಿಸುತ್ತೇನೆ. ಮೇಲೆ ಒಣಗಿದಂತೆ ಹುಳುಗಳು ಕೆಳಗಿಳಿಯುತ್ತವೆ. ಮೇಲಿನದನ್ನು ಕೆರೆದು, ಗೋಣಿತಾಟಿನ ಮೇಲೆ ಎರಡು ಇಂಚು ದಪ್ಪಕ್ಕೆ ನೆರಳಲ್ಲಿ ಹರಡುತ್ತೇನೆ. ಬಿಸಿಲಿಗೆ ಹಾಕುವುದಿಲ್ಲ, ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಎರಡು ದಿನ ಬಿಟ್ಟು ಒಂದು ಹಿಡಿ ತೆಗೆದು ಅಮುಕಿ ನೋಡಿ. ಉಂಡೆ ಕಟ್ಟಬೇಕು, ಬೆರಳು ತಾಕಿಸಿದರೆ ಉದುರಬೇಕು, ಅಂಗೈ ಕೆಸರಾಗಬಾರದು. ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲೂ ತೇವ ಶೇ. 15ರಿಂದ 25 ಇರಬೇಕು, 4 ಮಿ.ಮೀ. ಜರಡಿಯಲ್ಲಿ ಶೇ. 90 ಭಾಗ ಇಳಿಯಬೇಕು ಅಂತಿದೆ. ಚೀಲಕ್ಕೆ ಸೂಜಿಯಿಂದ ನಾಲ್ಕಾರು ತೂತು ಮಾಡುವುದನ್ನು ಮರೆಯಬೇಡಿ.

ಜರಡಿ ಹಿಡಿದ ಮೇಲೂ ಸಾಸಿವೆಗಿಂತ ಸ್ವಲ್ಪ ದಪ್ಪದ ಹಳದಿ ಕಾಳುಗಳು ಉಳಿಯುತ್ತವೆ. "ಇದೇನು ಹುಳದ ಮೊಟ್ಟೆ!" ಎಂದು ಒಬ್ಬರು ಚೀಲ ವಾಪಸ್ ತಂದಿದ್ದರು. ಹೌದು, ಅವು ಎರೆಹುಳುವಿನ ಕೋಶಗಳೇ, ಗಿಡಕ್ಕೆ ಏನೂ ಮಾಡುವುದಿಲ್ಲ. ಇದನ್ನು ಮಾರುವಾಗಲೇ ಹೇಳಿಬಿಡಿ. ಬರೀ ಗೊಬ್ಬರವನ್ನೇ ಕುಂಡಕ್ಕೆ ತುಂಬಬೇಡಿ ಅಂತಲೂ ಹೇಳಿ. ನೀರು ನಿಂತು ಬೇರು ಕೊಳೆತರೆ ಬೈಗುಳ ನಿಮಗೇ ಅಲ್ವಾ? ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ, ಇಷ್ಟೇ.

ಮೊದಲ ಬೆಡ್‌ನ ಚೀಲಗಳು ಮುಂದಿನ ಗೊಬ್ಬರ ಬರುವ ಮೊದಲೇ ಖಾಲಿಯಾದರೆ ಎರಡನೆಯದನ್ನು ತುಂಬಿ. ಅದನ್ನೂ ಐದು ವಾರ ಆಚೀಚೆ ಮಾಡಿ ತುಂಬಿ, ಎರಡೂ ಒಟ್ಟಿಗೆ ಕೈಗೆ ಬಂದರೆ ಒಣಗಿಸಲು ನೆರಳು ಸಾಲುವುದಿಲ್ಲ.