ಏಕಾದಶಿಯ ತಲೆನೋವು ಮತ್ತು ಬೆಳಗಿನ ಗುಳಿಗೆ

ಉಡುಪಿ, ಜುಲೈ 22, 2025, ಮಂಗಳವಾರ, ದ್ವಾದಶಿ

ಆರೂವರೆಗೆಲ್ಲ ಪಾರಣೆ ಮುಗಿಯಿತು. ಚಾತುರ್ಮಾಸ್ಯದ ಶಾಕವ್ರತ ನಡೆಯುತ್ತಿರುವುದರಿಂದ ತರಕಾರಿ ಇಲ್ಲ. ಹೆಸರುಬೇಳೆ ತೊವ್ವೆ, ಅನ್ನ, ಮೊಸರು. ಹೊರಗೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ತಲೆ ಹಗುರವಾಗಿದೆ, ಹೊಟ್ಟೆ ತೊಳಸುತ್ತಿಲ್ಲ. ಹದಿನೈದು ದಿನಗಳ ಹಿಂದಿನ ದ್ವಾದಶಿ ಹೀಗಿರಲಿಲ್ಲ. ನನ್ನ ಹಾಗೆ ಗುಳಿಗೆಯನ್ನೂ ಉಪವಾಸವನ್ನೂ ಒಟ್ಟಿಗೆ ನಡೆಸಿಕೊಂಡು ಬರುವವರು ನಮ್ಮೂರಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಹಾಗಾಗಿ ಆದದ್ದನ್ನು ಸರಿಯಾಗಿ ಬರೆದಿಡುತ್ತೇನೆ.

ನನಗೆ ಐವತ್ತೆಂಟು. ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷ, ಬಿಪಿ ಅದಕ್ಕೂ ಹಿಂದಿನದು. ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ ಮತ್ತು ಮೆಟ್ಫಾರ್ಮಿನ್ ಎರಡೂ ಸೇರಿದ ಒಂದು ಗುಳಿಗೆ, ರಾತ್ರಿ ಊಟವಾದ ಮೇಲೆ ಬರೀ ಮೆಟ್ಫಾರ್ಮಿನ್ 500. ಬಿಪಿಗೆ ಬೆಳಿಗ್ಗೆ ಟೆಲ್ಮಿಸಾರ್ಟನ್, ಅದರೊಳಗೇ ಮೂತ್ರ ಹೆಚ್ಚು ಹೋಗಿಸುವ ಔಷಧವೂ ಸೇರಿದೆ. ಇಷ್ಟು ವರ್ಷ ಏಕಾದಶಿ ಮಾಡುತ್ತಲೇ ಬಂದಿದ್ದೇನೆ. ಪ್ರತಿ ಸಲವೂ ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸ್ವಲ್ಪ ವಾಕರಿಕೆ. ಕಾಫಿ ಬಿಟ್ಟದ್ದಕ್ಕೆ ಹೀಗೆ ಅಂತ ಮಲಗಿಬಿಡುತ್ತಿದ್ದೆ.

ಈ ಸಲ ಪ್ರಥಮೈಕಾದಶಿ ಜುಲೈ 6, ಭಾನುವಾರ ಬಂತು. ಹಿಂದಿನ ದಿನ ದಶಮಿ, ಏಕಭುಕ್ತ. ಮಧ್ಯಾಹ್ನ ಒಂದೂವರೆಗೆ ಊಟ, ನಾಲ್ಕಕ್ಕೆ ಕೊನೆಯ ಕಾಫಿ, ರಾತ್ರಿ ಒಂದು ಲೋಟ ಹಾಲು ಮತ್ತು ರೂಢಿಯ ಮೆಟ್ಫಾರ್ಮಿನ್. ಏಕಾದಶಿ ಬೆಳಿಗ್ಗೆ ಒಂದು ಉದ್ಧರಣೆ ತೀರ್ಥದಲ್ಲಿ ಎರಡು ಗುಳಿಗೆಯನ್ನೂ ನುಂಗಿ, ಮುದ್ರೆ ಹಾಕಿಸಿಕೊಳ್ಳಲು ಕೃಷ್ಣ ಮಠಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ಗುಳಿಗೆ ತಪ್ಪಿಸಬಾರದು ಎಂದು ಡಾಕ್ಟ್ರು ಹೇಳಿದ್ದು ಮನಸ್ಸಿನಲ್ಲಿತ್ತು. ಊಟವಿಲ್ಲದ ದಿನ ಆ ಮಾತಿನ ಅರ್ಥ ಬೇರೆಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಗೆ ಬರುವಾಗ ಹತ್ತೂವರೆ. ಹಣೆಗೆ ಪಟ್ಟಿ ಬಿಗಿದ ಹಾಗೆ ನೋವು, ಬಾಯಲ್ಲಿ ನೀರೂರುವಂಥ ವಾಕರಿಕೆ. ವಿಷ್ಣುಸಹಸ್ರನಾಮದ ಪುಸ್ತಕ ಹಿಡಿದು ಕೂತರೆ ಅಕ್ಷರ ಒಂದರ ಮೇಲೊಂದು ಹತ್ತಿದಂತೆ ಕಂಡಿತು. ಪುಟ ಮಗುಚಲು ಹೋದಾಗ ಬೆರಳು ನಡುಗುತ್ತಿತ್ತು. ಮಳೆಯ ತಂಪಿನಲ್ಲೂ ಕುತ್ತಿಗೆಯ ಹಿಂದೆ ಬೆವರು, ಅದೂ ತಣ್ಣಗಿನ ಬೆವರು. ಇವರು ಮುಖ ನೋಡಿದವರೇ ಮಾತಾಡದೆ ಸಕ್ಕರೆ ನೋಡುವ ಮೆಷಿನ್ ತಂದು ಬೆರಳು ಚುಚ್ಚಿದರು. 58.

“ವ್ರತ ಮುರೀತದಲ್ಲ” ಅಂದೆ. “ಮೊದಲು ಇದನ್ನು ಕುಡಿ” ಅಂತ ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕೈಗಿಟ್ಟರು. ಹದಿನೈದು ನಿಮಿಷ ಬಿಟ್ಟು ನೋಡಿದರೆ 66. ಮತ್ತೆ ಮೂರು ಚಮಚ. ಇನ್ನೊಂದು ಹದಿನೈದು ನಿಮಿಷಕ್ಕೆ 94. ನಡುಕ ನಿಂತಿತು, ಬೆವರು ಆರಿತು, ಅಕ್ಷರ ಸರಿಯಾಯಿತು. ತಲೆನೋವು ಮಾತ್ರ ಅರ್ಧ ಇಳಿದು ಅಲ್ಲೇ ಕೂತಿತು.

ನಮ್ಮ ಡಾಕ್ಟ್ರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, “ಬೆಳಿಗ್ಗೆ ಯಾವ ಗುಳಿಗೆ ತಗೊಂಡ್ರಿ, ಅಮ್ಮಾ?” ಹೆಸರು ಹೇಳಿದೆ. ಸಕ್ಕರೆ ನೀರು ಕುಡಿದು ಸುಮ್ಮನಾಗಬೇಡಿ, ಹಾಲು ಬಾಳೆಹಣ್ಣು ಏನಾದರೂ ಹೊಟ್ಟೆಗೆ ಹಾಕಿ, ರಾತ್ರಿಯವರೆಗೆ ಎರಡೆರಡು ಗಂಟೆಗೆ ಸಕ್ಕರೆ ನೋಡಿ ಅಂದರು. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ನೋಡುವುದಿಲ್ಲವಂತೆ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಅದರ ಪ್ರಭಾವ ಸುಮಾರು ಒಂದು ದಿನ ಇರುತ್ತದೆ. ಒಮ್ಮೆ ಮೇಲೆ ಬಂದ ಸಕ್ಕರೆ ಮತ್ತೆ ಕೆಳಗೆ ಜಾರುವುದು ಅದಕ್ಕೇ. ನಿಜವಾಗಿ ಎರಡು ಗಂಟೆಗೆ ಮತ್ತೆ 76ಕ್ಕೆ ಬಂದಿತ್ತು, ಇನ್ನೊಂದು ಲೋಟ ಹಾಲು ಕುಡಿದೆ.

ಮರುದಿನ ಪಾರಣೆಯಾಗಿ ಕಾಫಿ ಕುಡಿದ ಒಂದು ಗಂಟೆಯೊಳಗೆ ಉಳಿದರ್ಧ ತಲೆನೋವೂ ಹೋಯಿತು. ಅಂದರೆ ಇದ್ದದ್ದು ಒಂದು ತಲೆನೋವಲ್ಲ, ಎರಡು. ಒಂದು ಸಕ್ಕರೆ ಇಳಿದದ್ದು, ಇನ್ನೊಂದು ಕಾಫಿ ಮತ್ತು ನೀರು ಇಲ್ಲದ್ದು. ಇಷ್ಟು ವರ್ಷ ಎರಡನೆಯದರ ಹೆಸರಿನಲ್ಲಿ ಮೊದಲನೆಯದನ್ನು ಮಲಗಿಸುತ್ತಿದ್ದೆ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಗೊತ್ತಾಗುವುದು ಹೇಗೆಂದರೆ, ಕಾಫಿಯ ತಲೆನೋವು ಕೊನೆಯ ಲೋಟ ಕುಡಿದು ಅರ್ಧ ದಿನ, ಒಂದು ದಿನ ಆಗುವಾಗ ಮೆಲ್ಲಗೆ ಏರುತ್ತದೆ. ಮಂಕು, ಆಕಳಿಕೆ, ವಾಕರಿಕೆ ಇರಬಹುದು, ಆದರೆ ನಡುಕವೂ ತಣ್ಣನೆ ಬೆವರೂ ಅದರ ಲಕ್ಷಣವಲ್ಲ. ಸಕ್ಕರೆ ಇಳಿದದ್ದು ಬೇಗ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ಆದರೂ ಲಕ್ಷಣ ನಂಬಿ ಕೂರಬಾರದು, ಬೆರಳು ಚುಚ್ಚಿ ನೋಡಿಯೇ ತೀರ್ಮಾನಿಸಬೇಕು. ಮೆಷಿನ್ ಹತ್ತಿರ ಇಲ್ಲದಿದ್ದರೆ ಇಳಿದಿದೆ ಎಂದೇ ತಿಳಿದು ಸಕ್ಕರೆ ತಿನ್ನಬೇಕು.

ಆ ದಿನ ಪಕ್ಕದ ಮನೆಯವರು ಪ್ರೀತಿಯಿಂದ ಒಂದು ನೋವಿನ ಗುಳಿಗೆ ತಂದುಕೊಟ್ಟಿದ್ದರು, ಐಬುಪ್ರೊಫೆನ್. ತೆಗೆದುಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಖಾಲಿ ಹೊಟ್ಟೆಗೆ ಅದು ಉರಿ ತರುತ್ತದೆ ಎಂದು ಎಲ್ಲರಿಗೂ ಗೊತ್ತು. ನೀರು ಕುಡಿಯದ ದೇಹದಲ್ಲಿ, ಟೆಲ್ಮಿಸಾರ್ಟನ್ ಮತ್ತು ಮೂತ್ರದ ಔಷಧದ ಜೊತೆ ಅದು ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಎನ್ನುವುದು ನನಗೆ ಗೊತ್ತಿರಲಿಲ್ಲ. ಸಹಿಸಲಾಗದಿದ್ದರೆ, ಸಕ್ಕರೆ ನೋಡಿದ ಮೇಲೆ, ತುಂಬ ನೀರಿನ ಜೊತೆ ಒಂದು ಪ್ಯಾರಾಸಿಟಮಾಲ್ ಸಾಕು ಅಂದರು ಡಾಕ್ಟ್ರು.

ಮುಂದಿನ ವಾರ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಅವರ ಹತ್ತಿರ ಹೋದೆ. ಉಪವಾಸ ಬಿಡಿ ಎನ್ನುತ್ತಾರೇನೋ ಎಂದು ಅಂಜಿಕೆಯಿತ್ತು. ಬಿಡಿ ಅನ್ನಲಿಲ್ಲ, ನಿರ್ಜಲ ಬೇಡ ಅಂದರು. ಮೂತ್ರಪಿಂಡದ ರಿಪೋರ್ಟ್ ನೋಡಿ, ಮೂರು ದಿನಕ್ಕೆ ಬೇರೆಯೇ ಚೀಟಿ ಬರೆದರು. ತೊಂದರೆಯ ಮೂಲ ಜೋಡಿ ಗುಳಿಗೆಯಲ್ಲಿತ್ತು: ಎರಡು ಔಷಧ ಒಂದರಲ್ಲೇ ಇದ್ದರೆ ಒಂದನ್ನು ಇಟ್ಟು ಒಂದನ್ನು ಬಿಡಲು ಬರುವುದಿಲ್ಲ. ಅದಕ್ಕೆ ಉಪವಾಸದ ದಿನಕ್ಕೆಂದು ಬಿಡಿ ಮೆಟ್ಫಾರ್ಮಿನ್, ಮೂತ್ರದ ಔಷಧ ಸೇರದ ಬಿಡಿ ಟೆಲ್ಮಿಸಾರ್ಟನ್ ಕೊಟ್ಟರು.

ದಶಮಿಗೆ ಏಕಭುಕ್ತ ಬಿಡಲು ಹೇಳಿದರು. ಬೆಳಿಗ್ಗೆ ತಿಂಡಿ ತಿಂದೇ ಜೋಡಿ ಗುಳಿಗೆ, ಮಧ್ಯಾಹ್ನ ಊಟ, ರಾತ್ರಿ ಹಾಲು ಹಣ್ಣಿನ ಜೊತೆ ಮೆಟ್ಫಾರ್ಮಿನ್. ಏಕಾದಶಿಗೆ ಗ್ಲಿಮೆಪಿರೈಡ್ ಪೂರ್ತಿ ಇಲ್ಲ. ಬೆಳಿಗ್ಗೆ ಬಿಡಿ ಟೆಲ್ಮಿಸಾರ್ಟನ್ ಮಾತ್ರ. ಮೆಟ್ಫಾರ್ಮಿನ್ ಒಂದೇ ಇದ್ದರೆ ಸಕ್ಕರೆಯನ್ನು ಹಾಗೆ ಕೆಳಗೆ ದೂಡುವುದು ಅಪರೂಪ, ಆದರೆ ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ ತರುವುದರಲ್ಲಿ ಮುಂದು. ಹಾಗಾಗಿ ಮಧ್ಯಾಹ್ನದ ಫಲಾಹಾರದ ಜೊತೆ ಒಂದು. ದ್ವಾದಶಿ ಪಾರಣೆಗೆ ಮಾಮೂಲಿ ಗುಳಿಗೆ, ಬಿಟ್ಟದ್ದಕ್ಕೆ ಸೇರಿಸಿ ಎರಡು ನುಂಗಬಾರದು. ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ, ವಾಂತಿ ಶುರುವಾದರೆ, ಉಪವಾಸ ಅಲ್ಲಿಗೆ ಮುಗಿಯಿತು.

ಇದು ನನ್ನ ಚೀಟಿ. ನನ್ನ ಗುಳಿಗೆ, ನನ್ನ ರಿಪೋರ್ಟ್ ನೋಡಿ ಬರೆದದ್ದು, ಹಾಗೇ ಇನ್ನೊಬ್ಬರಿಗೆ ಹೊಂದುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರ ಲೆಕ್ಕ ಪೂರಾ ಬೇರೆ. ಫಿಟ್ಸ್ ಗುಳಿಗೆ, ಸ್ಟೀರಾಯ್ಡ್ ಇಂಥವನ್ನು ಒಂದು ದಿನಕ್ಕೂ ಬಿಡುವ ಹಾಗಿಲ್ಲ.

ಮಂಗಳೂರಿನ ನಮ್ಮ ಅತ್ತಿಗೆಯ ಗುಳಿಗೆಯ ಮಾತೂ ಅಲ್ಲೇ ಬಂತು. ಅವರಿಗೆ ಡಾಪಾಗ್ಲಿಫ್ಲೋಜಿನ್ ಇದೆ, ಮೂತ್ರದಲ್ಲಿ ಸಕ್ಕರೆ ಹೊರಹಾಕುವಂಥದ್ದು. ಅದನ್ನು ನುಂಗಿ ಉಪವಾಸ ಕೂತರೆ ಕೆಲವರ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದಂತೆ. ವಾಕರಿಕೆ, ವಾಂತಿ, ಹೊಟ್ಟೆನೋವು, ದೊಡ್ಡ ದೊಡ್ಡ ಉಸಿರು. ಆಗ ಮೆಷಿನ್ ನೋಡಿದರೆ ಸಕ್ಕರೆ 180 ಇರಬಹುದು, ಏನೂ ಆಗಿಲ್ಲ ಎಂದೇ ತೋರುತ್ತದೆ. ಅದನ್ನು ನಂಬದೆ ಆಸ್ಪತ್ರೆಗೆ ಹೋಗಿ, ಗುಳಿಗೆಯ ಹೆಸರು ಹೇಳಿ, ಕೀಟೋನ್ ನೋಡಿಸಬೇಕು. ಆ ಗುಳಿಗೆ ಉಪವಾಸಕ್ಕೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಅವರ ಡಾಕ್ಟ್ರನ್ನೇ ಕೇಳಲು ಅತ್ತಿಗೆಗೆ ಅವತ್ತೇ ಫೋನ್ ಮಾಡಿ ಹೇಳಿದೆ.

ನೀರು ಕುಡಿಯಲು ಮಾತ್ರ ಮನಸ್ಸು ಒಪ್ಪುತ್ತಿರಲಿಲ್ಲ. ಅಪ್ಪ ಎಂಬತ್ತರವರೆಗೂ ತೀರ್ಥದ ಹೊರತು ಹನಿ ನೀರು ಮುಟ್ಟದೆ ಏಕಾದಶಿ ಮಾಡಿದವರು. ವೈದಿಕ ಮಾಡುವ ನಮ್ಮ ಭಾವನವರನ್ನು ಕೇಳಿದೆ. ಅವರು ಮಹಾಭಾರತದ ಉದ್ಯೋಗಪರ್ವದ ಶ್ಲೋಕ ಹೇಳಿದರು: “ಅಷ್ಟೈತಾನ್ಯವ್ರತಘ್ನಾನಿ ಆಪೋ ಮೂಲಂ ಫಲಂ ಪಯಃ, ಹವಿರ್ಬ್ರಾಹ್ಮಣಕಾಮ್ಯಾ ಚ ಗುರೋರ್ವಚನಮೌಷಧಮ್.” ವ್ರತವನ್ನು ಕೆಡಿಸದ ಎಂಟರಲ್ಲಿ ಮೊದಲನೆಯದು ನೀರು, ಕೊನೆಯದು ಔಷಧ. “ನಮ್ಮ ಕ್ರಮ ಇದಕ್ಕಿಂತ ಕಠಿಣ ಹೌದು, ಆದರೆ ಆಗದವರಿಗೆ ಇದು ದಾರಿ. ನೀವು ಆಗದವರು ಅಂತ ಒಪ್ಪಿಕೊಳ್ಳಿ ಅತ್ತಿಗೆ” ಅಂದರು. ಒಪ್ಪಿಕೊಂಡೆ. ಅಷ್ಟು ಸುಲಭವಾಗಿ ಅಲ್ಲ, ಆದರೆ ಒಪ್ಪಿಕೊಂಡೆ.

ಕಾಫಿಯದ್ದು ನಾನೇ ಮಾಡಿಕೊಂಡೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವಳು. ಏಕಾದಶಿಗೆ ಎಂಟು ದಿನ ಇರುವಾಗಲೇ ಎರಡೆರಡು ದಿನಕ್ಕೆ ಒಂದು ಲೋಟದಂತೆ ಇಳಿಸುತ್ತ ಬಂದೆ. ಮೊದಲು ಹೋದದ್ದು ಹನ್ನೊಂದು ಗಂಟೆಯದ್ದು, ಆಮೇಲೆ ಊಟದ ನಂತರದ್ದು. ದಶಮಿಯ ದಿನ ಬೆಳಿಗ್ಗೆ ಒಂದು ಲೋಟ ಉಳಿದಿತ್ತು, ಅದೂ ತೆಳು ಡಿಕಾಕ್ಷನ್.

ನಿನ್ನೆ ಕಾಮಿಕಾ ಏಕಾದಶಿ. ಬೆಳಿಗ್ಗೆ ಆರೂವರೆಗೆ 118. ಬಿಪಿ ಗುಳಿಗೆ ಒಂದು, ಎರಡು ಲೋಟ ನೀರು. ಹನ್ನೊಂದಕ್ಕೆ 96, ಒಂದು ಲೋಟ ಹಾಲು. ಒಂದು ಗಂಟೆಗೆ ಎರಡು ಸಣ್ಣ ಬಾಳೆಹಣ್ಣು, ಹಾಲು, ಜೊತೆಗೆ ಮೆಟ್ಫಾರ್ಮಿನ್. ನಾಲ್ಕಕ್ಕೆ 131, ಒಂದು ಬೊಂಡದ ನೀರು, ಅದಕ್ಕೂ ಮೊದಲೇ ಕೇಳಿಕೊಂಡಿದ್ದೆ. ಮೂತ್ರಪಿಂಡ ಸರಿಯಿಲ್ಲದವರು ಟೆಲ್ಮಿಸಾರ್ಟನ್ ಜೊತೆ ಬೊಂಡ ಕುಡಿಯಬಾರದಂತೆ. ಸಂಜೆ ನೆತ್ತಿಯಲ್ಲಿ ಸ್ವಲ್ಪ ಭಾರ, ನೀರು ಕುಡಿದು ಅರ್ಧ ಗಂಟೆ ಮಲಗಿದಾಗ ಹೋಯಿತು. ರಾತ್ರಿ ಎಂಟಕ್ಕೆ 104. ಸಹಸ್ರನಾಮ ಎರಡು ಸಲ ಓದಿದೆ, ಒಂದಕ್ಷರವೂ ಕದಲಲಿಲ್ಲ.

ಇನ್ನು ಅಷ್ಟಮಿ ಇದೆ. ಕೃಷ್ಣನಿಗೆ ಅರ್ಘ್ಯ ಕೊಡುವುದು ನಡುರಾತ್ರಿ, ಆಮೇಲೆ ಮರುದಿನ ಪಾರಣೆ. ಅಷ್ಟು ಹೊತ್ತು ಎಚ್ಚರವಿದ್ದರೆ ರಾತ್ರಿ ಹತ್ತಕ್ಕೊಮ್ಮೆ ಸಕ್ಕರೆ ನೋಡಬೇಕು, ಅದು ಈ ಚೀಟಿಯಲ್ಲಿಲ್ಲ. ಮುಂದಿನ ತಿಂಗಳು ಗುಳಿಗೆ ತರುವಾಗ ಕೇಳಬೇಕೆಂದು ದೇವರ ಕೋಣೆಯ ಪಂಚಾಂಗದ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಅದರ ಪಕ್ಕದಲ್ಲೇ ಇವರು, ಇನ್ನೂ ಸ್ವಲ್ಪ ದಪ್ಪ ಅಕ್ಷರದಲ್ಲಿ, “ಮೆಷಿನ್ನಿನ ಸ್ಟ್ರಿಪ್ ಮುಗಿದಿದೆ, ತರಬೇಕು” ಎಂದು ಬರೆದಿದ್ದಾರೆ.