ಕರೆಂಟು ಬಂದಾಗ ಖುಷಿ ಆಗಲಿಲ್ಲ ಮಿಸ್

ವಾರ್ಷಿಕ ಸಂಚಿಕೆಯ ತಿದ್ದುವ ಕೆಲಸ ಪ್ರತಿ ವರ್ಷ ಕನ್ನಡ ಟೀಚರ ತಲೆಗೇ ಬರುತ್ತದೆ. ಪೀರಿಯಡ್ ಕಡಿಮೆ ಮಾಡುವುದಿಲ್ಲ, ಯೂನಿಟ್ ಟೆಸ್ಟಿನ ಪೇಪರು ತಪ್ಪುವುದಿಲ್ಲ, ಜೊತೆಗೆ ನಲವತ್ತು ಪ್ರಬಂಧ. ಆ ವರ್ಷ ಎಚ್‌ಎಂ ಸರ್ ಒಂದು ಮಾತು ಬೇರೆ ಸೇರಿಸಿದ್ದರು: “ಭಾಷೆ ಸ್ವಲ್ಪ ಪ್ರೌಢವಾಗಿರಲಿ ಮೇಡಂ, ಹೋದ ಸಲದ್ದು ತೀರಾ ಮಕ್ಕಳ ಭಾಷೆ ಆಯಿತು.” ಮಕ್ಕಳ ಸಂಚಿಕೆಯಲ್ಲಿ ಮಕ್ಕಳ ಭಾಷೆ ಇರದೆ ಇನ್ಯಾರದ್ದು ಇರಬೇಕಿತ್ತೋ! ಆದರೆ ನಾನು ಬಾಯಿ ಬಿಡಲಿಲ್ಲ. ಭಾಷೆ ಏರಿಸುವುದು ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ.

ಏಳನೇ ತರಗತಿಯ ಒಬ್ಬಳು ಕರೆಂಟು ಹೋದ ರಾತ್ರಿಯ ಬಗ್ಗೆ ಬರೆದಿದ್ದಳು. ಅವಳ ಕೊನೆಯ ಪ್ಯಾರಾ ಇದು:

“ರಾತ್ರಿ ಕರೆಂಟು ಹೋಯ್ತು. ತುಂಬಾ ಕತ್ತಲೆ ಆಯ್ತು. ತಮ್ಮ ಅಳ್ತಾ ಇದ್ದ. ನನಗೆ ಜಾಸ್ತಿ ಭಯ ಆಗಲಿಲ್ಲ, ಸ್ವಲ್ಪ ಆಯ್ತು. ಆಮೇಲೆ ನಾನು ಅವನಿಗೆ ಕಥೆ ಹೇಳಿದೆ. ಆಮೇಲೆ ಅವನು ಸುಮ್ಮನಾದ. ಆಮೇಲೆ ಕರೆಂಟು ಬಂತು. ಕಥೆ ಮುಗಿದಿರಲಿಲ್ಲ, ಅದಕ್ಕೆ ನಾವೇ ಲೈಟ್ ಆರಿಸಿದೆವು.”

ನಾನು ರಾತ್ರಿ ಹತ್ತು ಗಂಟೆಗೆ, ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಪ್ರಬಂಧವಾಗಿ ಇದನ್ನು ಕೈಗೆತ್ತಿಕೊಂಡೆ. ಕೆಂಪು ಪೆನ್ನು ತಾನೇ ಓಡಿತು. ಹೀಗಾಯಿತು:

“ರಾತ್ರಿ ವಿದ್ಯುತ್ ಕಡಿತಗೊಂಡಿತು. ಎಲ್ಲೆಡೆ ಗಾಢಾಂಧಕಾರ ಆವರಿಸಿತು. ನನ್ನ ಪುಟ್ಟ ಸಹೋದರನು ರೋದಿಸುತ್ತಿದ್ದನು. ಆದರೆ ನಾನು ಕಿಂಚಿತ್ತೂ ಧೃತಿಗೆಡದೆ, ಅವನ ಭಯವನ್ನು ಹೋಗಲಾಡಿಸಲು ಕಥೆಯೊಂದನ್ನು ಹೇಳಿದೆನು. ಆದ್ದರಿಂದ ಅವನು ಮೌನಕ್ಕೆ ಶರಣಾದನು. ಅಷ್ಟರಲ್ಲಿ ವಿದ್ಯುತ್ ಬಂದಿತು. ನಮ್ಮ ಸಂತಸಕ್ಕೆ ಪಾರವೇ ಇರಲಿಲ್ಲ.”

ಲೈಟ್ ಆರಿಸಿದ ಸಾಲನ್ನು ಹೊಡೆದುಹಾಕಿದ್ದೆ. ಮಕ್ಕಳಾಟ ಅನ್ನಿಸಿತ್ತು. ನಿಜ ಹೇಳಬೇಕೆಂದರೆ, ಬರೆದು ಮುಗಿಸಿದಾಗ ನನಗೆ ನನ್ನ ಮೇಲೇ ಮೆಚ್ಚುಗೆ ಮೂಡಿತ್ತು.

ಬಿಡುಗಡೆಯ ದಿನ ಓದಲು ಐದು ಪ್ರಬಂಧ ಆರಿಸಿದರು. ಅದರಲ್ಲಿ ಇದೂ ಒಂದು. ರಿಹರ್ಸಲ್‌ನಲ್ಲಿ ಎಚ್‌ಎಂ ಸರ್ ಮುಂದಿನ ಸಾಲಿನಲ್ಲೇ ಕೂತಿದ್ದರು. ಹುಡುಗಿ ಹಾಳೆ ಹಿಡಿದು ನಿಂತಳು. “ಗಾಢಾಂ... ಗಾಢಾಂಧ...” ಮೂರು ಸಲ ಎಡವಿದಳು. ಹಿಂದಿನಿಂದ ಕಿಸಿಕಿಸಿ ನಗು. ಹೇಗೋ ದಾಟಿದಳು. “ಕಿಂಚಿತ್ತೂ ಧೃತಿಗೆಡದೆ” ಬಂದಾಗ ನಿಂತೇಬಿಟ್ಟಳು. ಮುಂದೆ ಓದಲಿಲ್ಲ, ಹಾಳೆಯನ್ನೇ ನೋಡುತ್ತ ನಿಂತಳು. ಅರ್ಧ ನಿಮಿಷ ಇರಬಹುದು, ನನಗೆ ಇಡೀ ಪೀರಿಯಡ್ ಕಳೆದಂತಾಯಿತು.

“ಏನಮ್ಮ, ಅರ್ಥ ಗೊತ್ತಿಲ್ವಾ?” ಅಂದರು ಸರ್.

“ಹೆದರದೆ ಅಂತ ಅಲ್ವಾ ಸರ್? ಆದರೆ ನನಗೆ ಸ್ವಲ್ಪ ಭಯ ಆಗಿತ್ತು.” ಆಮೇಲೆ ನನ್ನ ಕಡೆ ತಿರುಗಿ, “ಮಿಸ್, ಕರೆಂಟು ಬಂದಾಗ ಖುಷಿ ಆಗಲಿಲ್ಲ ಮಿಸ್. ಕಥೆ ಅರ್ಧಕ್ಕೆ ನಿಂತುಹೋಯ್ತು ಅಂತ ಬೇಜಾರಾಯ್ತು” ಅಂದಳು.

ಸರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಅವಳು ಹೇಳಿದ ಸಂಗತಿಗಳಿಗೆ ಒಂದೊಂದಾಗಿ ನಂಬರು ಹಾಕಿದೆ. ಒಂಬತ್ತು ಬಂತು. ನನ್ನ ಪ್ಯಾರಾದಲ್ಲಿ ಅವು ಇವೆಯೇ ಅಂತ ಹುಡುಕಿದರೆ, ಸ್ವಲ್ಪ ಭಯ ಇಲ್ಲ, ಮುಗಿಯದ ಕಥೆ ಇಲ್ಲ, ಆರಿಸಿದ ಲೈಟ್ ಇಲ್ಲ. ಅವಳು ಹೇಳದ ಸಂಗತಿ ಮಾತ್ರ ಮೂರು ಸೇರಿವೆ: ಧೈರ್ಯ, ತಮ್ಮನ ಭಯ ಹೋಗಲಾಡಿಸುವ ಉದ್ದೇಶ, ಪಾರವಿಲ್ಲದ ಸಂತಸ. ಕೊನೆಯದಂತೂ ಅವಳು ಬರೆದದ್ದಕ್ಕೆ ತದ್ವಿರುದ್ಧ.

ದೊಡ್ಡ ಪದಗಳು ಕಣ್ಣಿಗೆ ಹೊಡೆಯುತ್ತವೆ, ಅವನ್ನು ಯಾರಾದರೂ ಹಿಡಿಯುತ್ತಾರೆ. ಕಳ್ಳತನ ನಡೆಯುವುದು ಸಣ್ಣ ಪದಗಳಲ್ಲಿ. ‘ಆಮೇಲೆ’ ಮೂರು ಸಲ ಬಂತೆಂದು ನಾನು ಒಂದನ್ನು ‘ಆದ್ದರಿಂದ’ ಮಾಡಿದ್ದೆ, ಇನ್ನೊಂದನ್ನು ‘ಅಷ್ಟರಲ್ಲಿ’ ಮಾಡಿದ್ದೆ. ‘ಆಮೇಲೆ’ ಬರೀ ಯಾವುದು ಮೊದಲು ಯಾವುದು ನಂತರ ಎಂದು ಹೇಳುತ್ತದೆ. ‘ಆದ್ದರಿಂದ’ ಅಂದ ಕೂಡಲೇ ಒಂದು ಕಾರಣ ಹುಟ್ಟುತ್ತದೆ. ‘ಅಷ್ಟರಲ್ಲಿ’ ಅಂದರೆ ಎರಡು ಸಂಗತಿಗಳ ನಡುವಿನ ಹೊತ್ತೇ ಕುಗ್ಗಿಹೋಗುತ್ತದೆ. ಮಗು ಇದನ್ನೆಲ್ಲ ಹೇಳಿಯೇ ಇರಲಿಲ್ಲ. ‘ಆಮೇಲೆ’ಯನ್ನು ಏರಿಸಬೇಕಾದರೆ ‘ನಂತರ’ ಸಾಕು. ಇಲ್ಲವೇ ಎರಡು ಕ್ರಿಯೆಗಳನ್ನು ‘ಎದ್ದು ಹೋಗಿ’, ‘ಕೇಳುತ್ತ’ ಅನ್ನುವ ಹಾಗೆ ಪೋಣಿಸಿದರೆ ಆ ಪದವೇ ಬೇಕಾಗುವುದಿಲ್ಲ.

‘ಹೇಳಿದೆನು’, ‘ಇದ್ದನು’ ಅಂತ ಬಾಲ ಅಂಟಿಸಿದ್ದೂ ದಂಡ. ‘ಹೇಳಿದೆ’ ಬರಹದ ಭಾಷೆಯೇ. ಏರಿಸಬೇಕಾದದ್ದು ‘ಹೋಯ್ತು’, ‘ಅಳ್ತಾ ಇದ್ದ’ ಮಾತ್ರ: ಹೋಯಿತು, ಅಳುತ್ತಿದ್ದ. ಇಲ್ಲಿ ಅರ್ಥ ಕೂದಲೆಳೆಯಷ್ಟೂ ಕದಲುವುದಿಲ್ಲ, ಓದಿಗೆ ಮಾತ್ರ ಒಂದು ತೂಕ ಬರುತ್ತದೆ. ಇಡೀ ಕೆಲಸದ ಅರ್ಧ ಇಷ್ಟೇ ಅಂತ ನನಗೆ ಹದಿನಾಲ್ಕು ವರ್ಷ ಪಾಠ ಮಾಡಿದ ಮೇಲೆ ಗೊತ್ತಾಯಿತು.

ಸಂಜೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ‘ತುಂಬಾ ಕತ್ತಲೆ ಆಯ್ತು’ ಅನ್ನುವುದಕ್ಕೆ ‘ದಟ್ಟ ಕತ್ತಲೆ ಕವಿಯಿತು’ ಅಂದೆ. ದಟ್ಟ ಅಂದರೆ ಏನು ಅಂತ ಕೇಳಿದೆ. “ಕಾಡು ಇರುತ್ತಲ್ಲ ಮಿಸ್, ಹಂಗೆ” ಅಂದಳು. ಪಾಸು. ‘ಸ್ವಲ್ಪ ಭಯ’ಕ್ಕೆ ‘ತುಸು ಅಳುಕು’ ಹಾಕೋಣವಾ ಅಂದೆ. ನನಗೆ ಆ ಪದ ಇಷ್ಟ. ಅರ್ಥ ಹೇಳಿದ ಮೇಲೆ ಅವಳು ಯೋಚಿಸಿ, “ಅಳುಕು ಅಲ್ಲ ಮಿಸ್, ಭಯಾನೇ” ಅಂದಳು. ‘ತುಸು ಭಯ’ ಉಳಿಯಿತು.

‘ಕಥೆ ಹೇಳಿದೆ’ ಅಂದರೆ ಕಥೆ ಮುಗಿದಂತೆ ಕೇಳಿಸುತ್ತದೆ, ಆದರೆ ಮುಗಿದಿರಲಿಲ್ಲವಲ್ಲ. ‘ಹೇಳತೊಡಗಿದೆ’ ಮಾಡಿದೆವು. ಭಾಷೆಯೂ ಏರಿತು, ಅವಳ ಮಾತು ಮೊದಲಿಗಿಂತ ಸರಿಯಾಗಿಯೂ ಕೂತಿತು. ಇಂಥದ್ದು ಸಿಗುವುದು ಅಪರೂಪ.

ಕಥೆ ಯಾಕೆ ಹೇಳಿದೆ ಅಂತ ಸುಮ್ನೆ ಕೇಳಿದೆ. “ನನಗೇ ಭಯ ಆಗ್ತಿತ್ತಲ್ಲ, ಅದಕ್ಕೆ” ಅಂದಳು. ನಾನು ಬರೆದಿದ್ದ ‘ಅವನ ಭಯವನ್ನು ಹೋಗಲಾಡಿಸಲು’ ನೆನಪಾಗಿ ಮೈ ಬಿಸಿಯಾಯಿತು. ಅದನ್ನೂ ಬರೆಯೋಣವಾ ಅಂದೆ. ಬೇಡ ಅಂದಳು, ತಮ್ಮ ಓದುತ್ತಾನಂತೆ.

ಕೊನೆಗೆ ನಿಂತದ್ದು ಇದು:

“ರಾತ್ರಿ ವಿದ್ಯುತ್ ಹೋಯಿತು. ದಟ್ಟ ಕತ್ತಲೆ ಕವಿಯಿತು. ತಮ್ಮ ಅಳುತ್ತಿದ್ದ. ನನಗೆ ಹೆಚ್ಚು ಭಯವಾಗಲಿಲ್ಲ, ತುಸು ಆಯಿತು. ನಂತರ ನಾನು ಅವನಿಗೆ ಕಥೆ ಹೇಳತೊಡಗಿದೆ. ಕೇಳುತ್ತ ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಬಳಿಕ ವಿದ್ಯುತ್ ಬಂದಿತು. ಕಥೆ ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ನಾವೇ ದೀಪ ಆರಿಸಿದೆವು.”

ಇಲ್ಲಿ ‘ಆದ್ದರಿಂದ’ ಸಲ್ಲುತ್ತದೆ, ಅವಳೇ ‘ಅದಕ್ಕೆ’ ಅಂದಿದ್ದಳು. ‘ಸ್ವಲ್ಪ ಹೊತ್ತಿನ ಬಳಿಕ’ ನಾನು ಸೇರಿಸಿದ್ದು, ಎಷ್ಟು ಹೊತ್ತಾಗಿತ್ತು ಅಂತ ಅವಳನ್ನು ಕೇಳಿಯೇ ಸೇರಿಸಿದ್ದು.

ಉಳಿದ ಮೂವತ್ತೊಂಬತ್ತನ್ನೂ ಮತ್ತೆ ತೆಗೆದೆ. ಎಲ್ಲ ಮಕ್ಕಳನ್ನೂ ಹೀಗೆ ಕೂರಿಸಿಕೊಳ್ಳಲು ಹೊತ್ತಿರಲಿಲ್ಲ. ಹನ್ನೆರಡರಲ್ಲಿ ‘ಪಾರವೇ ಇರಲಿಲ್ಲ’ ಸಿಕ್ಕಿತು, ಅಷ್ಟನ್ನಾದರೂ ತೆಗೆದೆ. ಅಷ್ಟರ ಮೇಲೆ ಡಿಟಿಪಿಯವರ ಫಾಂಟಿಗೆ ಬದಲಾಯಿಸಿದಾಗ ಒತ್ತಕ್ಷರಗಳು ಹಾರಿಹೋಗಿ, ಪ್ರೂಫು ಮತ್ತೆ ಎರಡು ಸಲ ನೋಡಬೇಕಾಯಿತು.

ಎರಡನೇ ರಿಹರ್ಸಲ್‌ನಲ್ಲಿ ಅವಳು ಎಲ್ಲೂ ಎಡವಲಿಲ್ಲ. ದೀಪ ಆರಿಸಿದ ಸಾಲಿಗೆ ಹಿಂದಿನ ಬೆಂಚಿನವರು ನಕ್ಕರು, ಈ ಸಲದ ನಗು ಬೇರೆ. ಎಚ್‌ಎಂ ಸರ್ ತಲೆಯಾಡಿಸಿ, “ಚೆನ್ನಾಗಿದೆ ಮೇಡಂ. ಕೊನೆಗೆ ವಿದ್ಯುತ್ ಉಳಿತಾಯದ ಬಗ್ಗೆ ಒಂದು ಸಂದೇಶ ಸೇರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಈಗಲೂ ಆಗುತ್ತಾ?” ಅಂದರು.

“ಫೈಲು ಪ್ರಿಂಟಿಗೆ ಹೋಯಿತು ಸರ್” ಅಂದೆ. ಅದು ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು.