ದಕ್ಕೆಗೆ ಕಟ್ಟಿದ ದೋಣಿ

“ಮಿದುಳಿಗೆ ನೋವೇ ಆಗುವುದಿಲ್ಲ ಎನ್ನುತ್ತೀರಲ್ಲ ಡಾಕ್ಟರೇ, ಹಾಗಾದರೆ ನನ್ನ ತಲೆ ಸಿಡಿಯುವುದು ಯಾವುದರಿಂದ?”

ನಾನು ಮಂಗಳೂರಿನಲ್ಲಿ ಅರಿವಳಿಕೆ ವೈದ್ಯ. ಮಾತಿನ ಕೇಂದ್ರದ ಪಕ್ಕದಲ್ಲಿ ಗಡ್ಡೆಯಿದ್ದಾಗ ಕೆಲವೊಮ್ಮೆ ರೋಗಿಯನ್ನು ಎಚ್ಚರವಾಗಿಟ್ಟೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ನೆತ್ತಿಯ ಚರ್ಮಕ್ಕೆ ಮರಗಟ್ಟಿಸುವ ಮದ್ದು ಬೇಕೇ ಬೇಕು. ಮಿದುಳನ್ನು ಹೊದ್ದಿರುವ ಗಟ್ಟಿ ಪೊರೆಯನ್ನು ಎಳೆದರೂ ರೋಗಿ ಮುಖ ಕಿವಿಚುವುದುಂಟು. ಅದನ್ನು ದಾಟಿ ಮಿದುಳಿಗೆ ತಲುಪಿದ ಮೇಲೆ ಎಲ್ಲ ನಿರಾಳ. ರೋಗಿಗೆ ಒಂದೊಂದೇ ಚಿತ್ರ ತೋರಿಸುತ್ತಾರೆ: ಆನೆ, ಬೀಗ, ಕೊಡೆ. ಮಿದುಳಿನ ಮೇಲೆ ಒಂದು ಕಡೆ ಸಣ್ಣ ವಿದ್ಯುತ್ ಕಡ್ಡಿ ಮುಟ್ಟಿಸಿದಾಗ ಕೊಡೆಯ ಚಿತ್ರ ಕಣ್ಣೆದುರಿಗಿದ್ದರೂ ಹೆಸರು ನಾಲಿಗೆಗೆ ಬರುವುದಿಲ್ಲ. ಕಡ್ಡಿ ತೆಗೆದರೆ “ಕೊಡೆ” ಎನ್ನುತ್ತಾರೆ. ಮಾತು ನಿಂತಿತು, ನೋವು ಮಾತ್ರ ಇಲ್ಲ. ಚರ್ಮದಲ್ಲಿ, ಹಲ್ಲಿನಲ್ಲಿ ಇರುವಂಥ ನೋವು ಹಿಡಿಯುವ ನರತುದಿಗಳು ಮಿದುಳಿನ ತಿರುಳಿನಲ್ಲಿಲ್ಲ. ಬೇರೆಡೆಯಿಂದ ಬಂದ ನೋವನ್ನು ನೋವೆಂದು ಓದಿಕೊಳ್ಳುವುದಷ್ಟೇ ಅದರ ಕೆಲಸ.

ಆ ತುದಿಗಳು ಎಲ್ಲಿವೆ ಎಂಬುದನ್ನು ಎಚ್ಚರವಿದ್ದ ರೋಗಿಗಳಲ್ಲೇ ಹುಡುಕಿ 1940ರಲ್ಲಿ ಅಮೆರಿಕದ ರೇ ಮತ್ತು ವುಲ್ಫ್ ಎಂಬ ವೈದ್ಯರು ಪ್ರಕಟಿಸಿದರು. ಗಟ್ಟಿ ಪೊರೆಯ ಕೆಲವು ಭಾಗಗಳು, ಅದರ ರಕ್ತನಾಳಗಳು, ಪೊರೆಯೊಳಗಿನ ದೊಡ್ಡ ರಕ್ತಕಾಲುವೆಗಳು, ಅವಕ್ಕೆ ಬಂದು ಸೇರುವ ಸಿರೆಗಳು, ಮಿದುಳಿನ ಬುಡದ ದೊಡ್ಡ ಅಪಧಮನಿಗಳು. ಇವುಗಳನ್ನು ಎಳೆದರೆ, ಒತ್ತಿದರೆ ನೋವು. ಮುಂಭಾಗದ ಪೊರೆಯ ನೋವನ್ನು ಹೊತ್ತೊಯ್ಯುವುದು ಮುಖಕ್ಕೂ ಹೋಗುವ ಟ್ರೈಜೆಮಿನಲ್ ನರವಾದ್ದರಿಂದ ಅದು ಹಣೆಯಲ್ಲಿ, ಕಣ್ಣಿನ ಹಿಂದೆ ಕಾಣಿಸಿಕೊಳ್ಳುತ್ತದೆ. ಹಿಂಭಾಗದ್ದು ಕುತ್ತಿಗೆಯ ಮೇಲಿನ ನರಗಳ ಪಾಲು. ತಲೆಯ ಹೊರಗಿನ ಸ್ನಾಯು, ಹಲ್ಲು, ಸೈನಸ್ ಪೊರೆಗಳೂ ನೋಯುತ್ತವೆ. ಆದರೆ ಪ್ರಶ್ನೆ ಕೇಳುವವರಿಗೆ ನಾನು ಹೇಳುವುದು ಒಂದು ಬಾಣಂತಿಯ ಕತೆ.

ಬೆನ್ನಿಗೆ ಅರಿವಳಿಕೆ ಕೊಟ್ಟು ಸಿಸೇರಿಯನ್ ಆಗಿತ್ತು. ಎರಡನೆಯ ದಿನ ಮಗುವಿಗೆ ಹಾಲೂಡಿಸಲು ಎದ್ದು ಕುಳಿತವರಿಗೆ ಹಣೆಯಿಂದ ಹಿಂದಲೆಯವರೆಗೆ ಎಳೆದು ಕಟ್ಟಿದಂಥ ನೋವು. “ತಣ್ಣೀರು ಮುಟ್ಟಿದ್ದಾಳೆ, ಕಿವಿಗೆ ಗಾಳಿ ಹೊಕ್ಕಿದೆ” ಎಂದು ಉಡುಪಿಯಿಂದ ಬಂದಿದ್ದ ಅಜ್ಜಿ ತೀರ್ಪು ಕೊಟ್ಟಿದ್ದರು. ನಾನು ಬಾಣಂತಿಗೆ “ಒಮ್ಮೆ ಮಲಗಿ” ಎಂದೆ. ಕೆಲವೇ ನಿಮಿಷಗಳಲ್ಲಿ ನೋವು ಇಳಿಯಿತು. ಕುಳ್ಳಿರಿಸಿದೆ, ಮತ್ತೆ ಬಂತು. ಯಂತ್ರಕ್ಕಿಂತ ಮೊದಲು ಈ ಏಳುವ, ಮಲಗುವ ಪರೀಕ್ಷೆಯೇ ಕಾರಣವನ್ನು ಸೂಚಿಸುತ್ತದೆ.

ಸುಮಾರು 1,400 ಗ್ರಾಂ ತೂಗುವ ಮಿದುಳು ತಲೆಯಲ್ಲಿ ನೀರಿನಂಥ ದ್ರವದಲ್ಲಿ ತೇಲುತ್ತದೆ. ಹಾಗಾಗಿ ಅದರ ಭಾರ 50 ಗ್ರಾಂನಷ್ಟೇ ಇದ್ದಂತೆ. ಮಿದುಳು, ಬೆನ್ನುಹುರಿಗಳ ಸುತ್ತ ಈ ದ್ರವ ಒಟ್ಟು 150 ಮಿಲಿಲೀಟರಿನಷ್ಟಿರುತ್ತದೆ. ಬೆನ್ನಿಗೆ ಅರಿವಳಿಕೆ ಕೊಡುವಾಗ ಈ ದ್ರವವನ್ನು ಹಿಡಿದಿಟ್ಟ ಪೊರೆಯಲ್ಲಿ ಸೂಜಿ ಮಾಡಿದ ತೂತು ಬೇಗ ಮುಚ್ಚದಿದ್ದರೆ ದ್ರವ ಸೋರುತ್ತದೆ. ಬಂದರಿನ ದಕ್ಕೆಯಲ್ಲಿ ಇಳಿತದ ಹೊತ್ತು ಕಟ್ಟಿದ ದೋಣಿಯನ್ನು ನೋಡಿದ್ದೀರಾ? ನೀರು ಕೆಳಗಿಳಿದಂತೆ ದೋಣಿ ತಗ್ಗುತ್ತದೆ, ಹಗ್ಗ ಬಿಗಿಯುತ್ತದೆ. ಎದ್ದು ಕುಳಿತಾಗ ಮಿದುಳು ತುಸು ಕುಸಿದು ಪೊರೆಯನ್ನೂ ಸಿರೆಗಳನ್ನೂ ಎಳೆಯುತ್ತದೆ. ಕಡಿಮೆಯಾದ ದ್ರವದ ಜಾಗ ತುಂಬಲು ರಕ್ತನಾಳಗಳು ಹಿಗ್ಗುವುದೂ ನೋವಿಗೆ ಸೇರಿಕೊಳ್ಳುತ್ತದೆ. ಮಲಗಿದರೆ ಹಗ್ಗ ಸಡಿಲ.

ಬೆನ್ನಿನ ಅರಿವಳಿಕೆಯನ್ನು ಬಳಕೆಗೆ ತಂದ ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲಿ ತನ್ನ ಮೇಲೂ ಅದನ್ನು ಪ್ರಯೋಗಿಸಿಕೊಂಡು, ಇದೇ ತಲೆನೋವಿನಿಂದ ಹಾಸಿಗೆ ಹಿಡಿದಿದ್ದರು. ಇಂದು ಪೆನ್ಸಿಲ್ ತುದಿಯ ತೆಳು ಸೂಜಿಗಳಿಂದ ಇದು ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಹೆಚ್ಚಿನವರಿಗೆ ನೋವಿನ ಮಾತ್ರೆ, ವಿಶ್ರಾಂತಿಯಿಂದ ಒಂದೆರಡು ವಾರದಲ್ಲಿ ಹೋಗುತ್ತದೆ. ಈಕೆಗೆ ಎರಡು ದಿನ ಕಾದರೂ ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ. ಆಗ ಅವರದೇ ತೋಳಿನಿಂದ 20 ಮಿಲಿಲೀಟರಿನಷ್ಟು ರಕ್ತ ತೆಗೆದು, ಬೆನ್ನಿನಲ್ಲಿ ಪೊರೆಯ ಹೊರಗೆ ನಿಧಾನವಾಗಿ ಚುಚ್ಚಿದೆವು. ಅದು ದ್ರವವನ್ನು ಮೇಲಕ್ಕೆ ಒತ್ತುತ್ತದೆ, ಹೆಪ್ಪುಗಟ್ಟಿ ತೂತಿಗೆ ತೇಪೆಯೂ ಆಗುತ್ತದೆ. ಒಮ್ಮೆಗೇ ಎಲ್ಲರಿಗೂ ಇದು ಹಿಡಿಯುವುದಿಲ್ಲ. ಮಲಗಿದರೂ ಬಗ್ಗದ ನೋವು, ಜ್ವರ, ಕಣ್ಣು ಮಂಜಾಗುವುದು, ಫಿಟ್ಸ್, ಕೈಕಾಲು ಸೋಲು ಇದ್ದರೆ ಸೂಜಿಯ ಮೇಲೆ ಹೊರಿಸಿ ಕುಳಿತಿರಬಾರದು; ಬಾಣಂತಿಯರಲ್ಲಿ ರಕ್ತದೊತ್ತಡವೋ ಮಿದುಳಿನ ಸಿರೆಯಲ್ಲಿ ಹೆಪ್ಪೋ ಇರಬಹುದು, ತಕ್ಷಣ ನೋಡಬೇಕು.

ಈಕೆಗೆ ಅದೃಷ್ಟವಿತ್ತು. ಸಂಜೆ ಹೋದಾಗ ಕುಳಿತು ಗಂಜಿ ಉಣ್ಣುತ್ತಿದ್ದರು. ಕಿವಿಗೆ ಇಟ್ಟಿದ್ದ ಹತ್ತಿಯನ್ನು ತೆಗೆಯಲು ಮಾತ್ರ ಅಜ್ಜಿ ಬಿಟ್ಟಿರಲಿಲ್ಲ.